ಕುಡುಗೋಲಾಗುವ ಮುನ್ನದ ಕೆಲವು ಸೆಕೆಂಡು

ಸಿಕಲ್ ಸೆಲ್ ಕಾಯಿಲೆ ಇರುವವರ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಆಮ್ಲಜನಕವನ್ನು ಹೀರಿಬಿಡುವ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ಬೆರೆಸಿ, ಗಾಳಿಯಾಡದಂತೆ ಮುಚ್ಚಿ, ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ. ಮೊದಲಿಗೆ ದುಂಡಗೆ ಕಾಣುವ ಕೆಂಪುಕಣಗಳು ಒಂದೊಂದಾಗಿ ಆಕಾರ ಕೆಡುತ್ತವೆ. ಅಂಚು ಮೊನಚಾಗುತ್ತದೆ, ಮೈ ಸೆಟೆದುಕೊಳ್ಳುತ್ತದೆ, ಕೆಲವು ಕುಡುಗೋಲಿನಂತೆ ಬಾಗುತ್ತವೆ. ಗಂಟೆಯೊಳಗೆ ದುಂಡನೆಯ ಕಣ ಹುಡುಕಿದರೂ ಸಿಗುವುದು ಕಷ್ಟ.

ಆ ರಕ್ತ ಕೊಟ್ಟವರು ಮಾತ್ರ ಎದುರಿನ ಬೆಂಚಿನಲ್ಲಿ ಕೂತು ಮಾತಾಡುತ್ತಿರುತ್ತಾರೆ. ಅವರ ಮೈಯಲ್ಲಿರುವ ಪ್ರತಿಯೊಂದು ಕೆಂಪುಕಣವೂ ಸುಮಾರು ನಿಮಿಷಕ್ಕೊಮ್ಮೆ ಅಂಗಾಂಗಗಳಿಗೆ ಹೋಗಿ ಆಮ್ಲಜನಕ ಇಳಿಸಿ ಬರುತ್ತಿದೆ. ಆಮ್ಲಜನಕ ಹೋದರೆ ಕಣ ಬಾಗುತ್ತದೆ ಎಂಬುದೇ ಪೂರ್ತಿ ಸತ್ಯವಾಗಿದ್ದರೆ ಅವರ ರಕ್ತವೆಲ್ಲ ನಿಮಿಷದೊಳಗೆ ಸೆಟೆದು ನಿಂತುಬಿಡಬೇಕಿತ್ತು. ಹಾಗಾಗುವುದಿಲ್ಲ. ಈ ಕಾಯಿಲೆಯವರು ತಿಂಗಳುಗಟ್ಟಲೆ ಶಾಲೆಗೆ, ಕೆಲಸಕ್ಕೆ ಹೋಗುತ್ತಾರೆ. ಆಮೇಲೆ ಒಂದು ದಿನ ಮೂಳೆಯೊಳಗಿಂದ ಎದ್ದ ನೋವು ಅವರನ್ನು ವಾರಗಟ್ಟಲೆ ಮಲಗಿಸುತ್ತದೆ.

ಕಣ ಬಾಗುವುದಕ್ಕೆ ಆಮ್ಲಜನಕ ಹೋದರಷ್ಟೇ ಸಾಲದು, ಸಮಯವೂ ಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜೇಮ್ಸ್ ಹಾಫ್ರಿಕ್ಟರ್, ಫಿಲಿಪ್ ರಾಸ್ ಮತ್ತು ವಿಲಿಯಂ ಈಟನ್ 1974ರಲ್ಲಿ ಇದನ್ನು ಅಳೆದು ತೋರಿಸಿದರು. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಹಿಮೋಗ್ಲೋಬಿನ್ ಕೆಲಕಾಲ ಏನೂ ಆಗದಂತೆ ಸುಮ್ಮನಿರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ. ಆ ಸುಮ್ಮನಿರುವ ಅವಧಿಗೆ ‘ವಿಳಂಬ ಕಾಲ’ ಎನ್ನುತ್ತಾರೆ. ಅದು ಕೆಲವು ಮಿಲಿಸೆಕೆಂಡು ಇರಬಹುದು, ಗಂಟೆಗಳೂ ಇರಬಹುದು. ನನ್ನ ಮಟ್ಟಿಗೆ ಈ ಕಾಯಿಲೆಯ ಬೀಗದ ಕೈ ಇದೇ. ನೋವು ಯಾಕೆ ಬಿಟ್ಟು ಬಿಟ್ಟು ಬರುತ್ತದೆ, ಹುಟ್ಟಿದ ಕೂಸಿಗೆ ಯಾಕೆ ಏನೂ ಆಗುವುದಿಲ್ಲ, ಮೂತ್ರಪಿಂಡ ಯಾಕೆ ಮೊದಲೇ ಸೋಲುತ್ತದೆ, ಒಂದು ಹಳೆಯ ಮಾತ್ರೆ ಯಾಕೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗಳೆಲ್ಲ ಬಂದು ನಿಲ್ಲುವುದು ಇಲ್ಲೇ.

ಮೊದಲು ಆ ಅಣುವನ್ನು ನೋಡೋಣ. ಒಂದು ಕೆಂಪುಕಣದೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಪ್ರತಿ ಅಣುವಿನಲ್ಲಿ ನಾಲ್ಕು ಪ್ರೋಟೀನ್ ಸರಗಳು: ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರದಲ್ಲಿ 146 ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿರುತ್ತವೆ. ಅದರ ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕು. ಸಿಕಲ್ ಸೆಲ್ ಇರುವವರಲ್ಲಿ ಅಲ್ಲಿ ವ್ಯಾಲಿನ್ ಇದೆ. ವಂಶವಾಹಿಯಲ್ಲಿ ಒಂದೇ ಅಕ್ಷರ ಬದಲಾದ್ದರಿಂದ ಆದದ್ದು ಇಷ್ಟು. ಈ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ರೀತಿ ಚಲಿಸುತ್ತದೆ ಎಂದು ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದ್ದರು. ಕೇಂಬ್ರಿಜ್‌ನಲ್ಲಿ ವರ್ನನ್ ಇನ್‌ಗ್ರಾಮ್ 1950ರ ದಶಕದ ನಡುವಿನಲ್ಲಿ ಪ್ರೋಟೀನನ್ನು ತುಂಡು ಮಾಡಿ, ತಪ್ಪಿದ ಅಮೈನೋ ಆಮ್ಲವನ್ನೇ ಪತ್ತೆ ಹಚ್ಚಿದರು. ಹೀಗೆ ಬದಲಾದ ಹಿಮೋಗ್ಲೋಬಿನ್‌ಗೆ ‘ಎಸ್’ ಎಂಬ ಹೆಸರು.

ಗ್ಲುಟಾಮಿಕ್ ಆಮ್ಲಕ್ಕೆ ವಿದ್ಯುದಾವೇಶವಿದೆ, ನೀರಿನ ಸಂಗಡ ಅದು ಚೆನ್ನಾಗಿ ಹೊಂದಿಕೊಳ್ಳುತ್ತದೆ. ವ್ಯಾಲಿನ್‌ಗೆ ಎಣ್ಣೆಯ ಗುಣ, ನೀರನ್ನು ಕಂಡರೆ ಆಗದು. ಅಣುವಿನ ಹೊರಮೈಯಲ್ಲಿ ಅಂಥದ್ದೊಂದು ಚುಕ್ಕೆ ಎದ್ದು ಕೂತಿದ್ದರೂ ಆಮ್ಲಜನಕ ಇರುವ ತನಕ ತೊಂದರೆಯಿಲ್ಲ, ಅದು ಅಂಟಿಕೊಳ್ಳಲು ತಕ್ಕ ಜಾಗ ಪಕ್ಕದ ಅಣುವಿನಲ್ಲಿ ತೆರೆದಿರುವುದಿಲ್ಲ. ಆಮ್ಲಜನಕ ಬಿಟ್ಟುಕೊಟ್ಟಾಗ ಹಿಮೋಗ್ಲೋಬಿನ್ ತನ್ನ ಆಕಾರವನ್ನು ಸ್ವಲ್ಪ ಬದಲಿಸುತ್ತದೆ. ಇದು ಎಲ್ಲರ ಹಿಮೋಗ್ಲೋಬಿನ್‌ನಲ್ಲೂ ನಡೆಯುವ ಸಹಜ ಬದಲಾವಣೆ. ಆಗ ಬೀಟಾ ಸರದ ಇನ್ನೊಂದು ಕಡೆ, 85 ಮತ್ತು 88ನೆಯ ಅಮೈನೋ ಆಮ್ಲಗಳ ನಡುವೆ, ಅದೇ ಎಣ್ಣೆ ಗುಣದ ಒಂದು ಪುಟ್ಟ ಗುಳಿ ಸಿದ್ಧವಾಗುತ್ತದೆ. ಒಂದು ಅಣುವಿನ ವ್ಯಾಲಿನ್ ಪಕ್ಕದ ಅಣುವಿನ ಗುಳಿಯೊಳಗೆ ಸರಿಯಾಗಿ ಕೂರುತ್ತದೆ. ಆ ಪಕ್ಕದ್ದರ ವ್ಯಾಲಿನ್ ಮುಂದಿನದರ ಗುಳಿಗೆ. ಹೀಗೆ ಅಣುಗಳ ಜೋಡಿ ಎಳೆ ಬೆಳೆಯುತ್ತದೆ. ಏಳು ಜೋಡಿ ಎಳೆಗಳು ಸುತ್ತಿಕೊಂಡು, ಅಂದರೆ ಒಟ್ಟು 14 ಎಳೆಗಳು ಸೇರಿ, ಒಂದು ನಾರಾಗುತ್ತದೆ. ನಾರಿನ ದಪ್ಪ ಸುಮಾರು 21 ನ್ಯಾನೋಮೀಟರ್. ಕಣವನ್ನು ಒಳಗಿನಿಂದ ಚುಚ್ಚಿ, ಹಿಗ್ಗಿಸಿ, ಸೆಟೆಸುವುದು ಈ ನಾರುಗಳ ಕಟ್ಟು. ಪಾಲಿಮರೀಕರಣ ಎನ್ನುವುದು ಇದನ್ನೇ.

ಇದೆಲ್ಲ ಆಮ್ಲಜನಕ ಹೋದ ಮರುಕ್ಷಣ ಯಾಕೆ ಆಗುವುದಿಲ್ಲ? ಕಲ್ಲುಸಕ್ಕರೆ ಮಾಡುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪಾಕ ಎಷ್ಟೇ ಗಟ್ಟಿಯಿದ್ದರೂ ಹರಳು ತಾನಾಗಿ ಶುರುವಾಗುವುದು ನಿಧಾನ, ದಾರ ಇಳಿಬಿಟ್ಟು ಅದರ ಮೇಲೊಂದು ಕಣ ಕೂತಿತೆಂದರೆ ಮಿಕ್ಕದ್ದು ಸರಾಗ. ಹಿಮೋಗ್ಲೋಬಿನ್‌ದೂ ಹಾಗೆಯೇ. ಎರಡು ಮೂರು ಅಣು ಸೇರಿದ ಗುಂಪು ನಿಲ್ಲುವುದಿಲ್ಲ, ಕೂಡಿದಷ್ಟೇ ಬೇಗ ಬಿಡಿಬಿಡಿಯಾಗುತ್ತದೆ. ಹಲವು ಅಣುಗಳು ಒಟ್ಟಿಗೆ ಸರಿಯಾದ ಭಂಗಿಯಲ್ಲಿ ಸೇರಿದಾಗ ಮಾತ್ರ ನಿಲ್ಲಬಲ್ಲ ಒಂದು ‘ಬೀಜ’ ಹುಟ್ಟುತ್ತದೆ. ಆ ಬೀಜಕ್ಕಾಗಿ ಕಾಯುವ ಅವಧಿಯೇ ವಿಳಂಬ ಕಾಲ. ಮೊದಲ ನಾರು ಬೆಳೆದದ್ದೇ ತಡ, ಅದರ ಮೈಮೇಲೇ ಹೊಸ ಬೀಜಗಳು ಮೊಳೆಯುತ್ತವೆ, ಅವುಗಳ ಮೈಮೇಲೆ ಇನ್ನಷ್ಟು. ಅದಕ್ಕೇ ಇಷ್ಟು ಹೊತ್ತು ಏನೂ ಕಾಣದೆ, ಆಮೇಲೆ ಸ್ಫೋಟದಂತೆ ಎಲ್ಲವೂ ಒಟ್ಟಿಗೆ ಆಗುವುದು.

ಹಲವು ಅಣುಗಳು ಒಂದೇ ಕಡೆ ಕೂಡಬೇಕಾದ್ದರಿಂದ, ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ಒತ್ತಾಗಿದೆ ಎಂಬುದು ನಂಬಲಾಗದಷ್ಟು ಮುಖ್ಯವಾಗುತ್ತದೆ. ಸಾಂದ್ರತೆ ಹೆಚ್ಚಿದಂತೆ ವಿಳಂಬ ಕಾಲ ಅದರ 15ರಿಂದ 30ನೆಯ ಘಾತದಷ್ಟು ವೇಗದಲ್ಲಿ ಕುಸಿಯುತ್ತದೆ. ಜೀವಶಾಸ್ತ್ರದಲ್ಲಿ ಇಷ್ಟು ಕಡಿದಾದ ಸಂಬಂಧ ಬಹಳ ಅಪರೂಪ. ಲೆಕ್ಕ ಹಾಕಿ ನೋಡೋಣ. ಕೆಂಪುಕಣದೊಳಗೆ ಸಾಮಾನ್ಯವಾಗಿ 100 ಮಿಲಿಲೀಟರಿಗೆ 33ರ ಆಸುಪಾಸು ಗ್ರಾಂ ಹಿಮೋಗ್ಲೋಬಿನ್ ಇರುತ್ತದೆ. ಅದು 34 ಇದ್ದ ಕಣಕ್ಕೆ ಸ್ವಲ್ಪ ನೀರು ಸೇರಿ 31ಕ್ಕೆ ಇಳಿಯಿತು ಎಂದುಕೊಳ್ಳಿ. ಕಡಿಮೆಯಾದದ್ದು ನೂರಕ್ಕೆ ಒಂಬತ್ತು ಪಾಲು. ವಿಳಂಬ ಕಾಲ ಮಾತ್ರ ಕನಿಷ್ಠ ಲೆಕ್ಕದಲ್ಲಿ ನಾಲ್ಕು ಪಟ್ಟು, ಹೆಚ್ಚಿನ ಲೆಕ್ಕದಲ್ಲಿ 16 ಪಟ್ಟು ಹಿಗ್ಗುತ್ತದೆ. ನೀರು ಬತ್ತಿದರೆ ಇದೇ ಲೆಕ್ಕ ತಿರುಗಿ ಬೀಳುತ್ತದೆ.

ಈಗ ಕಣದ ಪ್ರಯಾಣ. ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳಲ್ಲಿ ಅದು ಕಳೆಯುವುದು ಸುಮಾರು ಒಂದು ಸೆಕೆಂಡು. ಆಮ್ಲಜನಕ ಕೊಡುವುದು ಅಲ್ಲೇ. ಅಲ್ಲಿಂದ ಹೊರಟು ಅಭಿಧಮನಿಗಳ ದಾರಿಯಾಗಿ ಶ್ವಾಸಕೋಶಕ್ಕೆ ಮರಳಲು ಹತ್ತು ಹದಿನೈದು ಸೆಕೆಂಡು. ಶ್ವಾಸಕೋಶದಲ್ಲಿ ಆಮ್ಲಜನಕ ಸಿಕ್ಕ ಕೂಡಲೇ ನಾರುಗಳು ಕರಗುತ್ತವೆ, ಬೀಜಕ್ಕಾಗಿ ಕಾಯುವ ಕೆಲಸ ಮತ್ತೆ ಮೊದಲಿನಿಂದ. ಹಾಗಾಗಿ ಯಾವ ಕಣದ ವಿಳಂಬ ಕಾಲ ಈ ಹದಿನೈದು ಸೆಕೆಂಡಿಗಿಂತ ಹೆಚ್ಚಿದೆಯೋ ಅದು ಬಾಗದೆಯೇ ಸುತ್ತು ಮುಗಿಸುತ್ತದೆ. ಒಂದಕ್ಕಿಂತ ಹೆಚ್ಚು, ಹದಿನೈದಕ್ಕಿಂತ ಕಡಿಮೆ ಇದ್ದರೆ ದೊಡ್ಡ ನಾಳಗಳಲ್ಲಿ ಬಾಗುತ್ತದೆ, ಅಲ್ಲಿ ಜಾಗ ಇರುವುದರಿಂದ ಹೇಗೋ ದಾಟುತ್ತದೆ. ಒಂದು ಸೆಕೆಂಡಿಗೂ ಕಡಿಮೆ ಇರುವ ಕಣ ಲೋಮನಾಳದೊಳಗೇ ಸೆಟೆಯುತ್ತದೆ. ಈಟನ್ ಅವರ ತಂಡ 1987ರಲ್ಲಿ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಹೆಚ್ಚಿನ ಕಣಗಳು ಬಾಗದೆ ಉಳಿಯುವುದು ಈ ವಿಳಂಬದಿಂದಲೇ ಎಂದು ತೋರಿಸಿತು. ಆ ವಿಳಂಬ ಇಲ್ಲದಿದ್ದರೆ ಈ ಕಾಯಿಲೆಯೊಂದಿಗೆ ಬದುಕುವುದೇ ಆಗುತ್ತಿರಲಿಲ್ಲ.

ಕೂಸುಗಳ ವಿಷಯವೂ ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ಹುಟ್ಟುವಾಗ ಮಗುವಿನ ರಕ್ತದಲ್ಲಿ ಹೆಚ್ಚಿನ ಪಾಲು ಭ್ರೂಣದ ಹಿಮೋಗ್ಲೋಬಿನ್ ಇರುತ್ತದೆ. ಅದರಲ್ಲಿ ಬೀಟಾ ಸರದ ಬದಲು ಗಾಮಾ ಸರ. ಅದು ನಾರಿನೊಳಗೆ ಸೇರುವುದಿಲ್ಲ, ಎಸ್ ಸರದೊಡನೆ ಅರ್ಧರ್ಧ ಕೂಡಿದ ಅಣುವೂ ಸೇರುವುದಿಲ್ಲ. ಆದ್ದರಿಂದ ನಾರು ಕಟ್ಟಬಲ್ಲ ಅಣುಗಳ ಸಾಂದ್ರತೆ ಇಳಿದು ವಿಳಂಬ ಕಾಲ ವಿಪರೀತ ಹಿಗ್ಗುತ್ತದೆ. ಬ್ರೂಕ್ಲಿನ್‌ನ ಮಕ್ಕಳ ವೈದ್ಯೆ ಜ್ಯಾನೆಟ್ ವಾಟ್ಸನ್ 1948ರಲ್ಲೇ, ಅಂದರೆ ಪಾಲಿಂಗ್ ಅವರ ಪ್ರಯೋಗಕ್ಕೂ ಮುಂಚೆ, ಹಸುಗೂಸುಗಳನ್ನು ಭ್ರೂಣದ ಹಿಮೋಗ್ಲೋಬಿನ್ ಕಾಯುತ್ತಿರಬೇಕು ಎಂದು ಊಹಿಸಿದ್ದರು. ಆರು ತಿಂಗಳ ಹೊತ್ತಿಗೆ ಅದು ಇಳಿಯುತ್ತದೆ. ಆಗ ಮಗುವಿನ ಕೈಕಾಲು ಬೆರಳುಗಳು ಊದಿಕೊಂಡು, ಮುಟ್ಟಿದರೆ ಚೀರುವಂತಾಗುವುದು ಹಲವರಲ್ಲಿ ಕಾಯಿಲೆಯ ಮೊದಲ ಗುರುತು. ತಂದೆ ತಾಯಿ ಇಬ್ಬರಿಂದಲೂ ಎಸ್ ಬಂದವರಿಗೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದವರು ವಾಹಕರು. ಅವರ ಕಣದಲ್ಲಿ ಎಸ್ ಪ್ರಮಾಣ ಅರ್ಧಕ್ಕಿಂತ ಕಡಿಮೆ, ವಿಳಂಬ ಕಾಲ ಧಾರಾಳ, ಬದುಕು ಬಹುತೇಕ ಎಲ್ಲರಂತೆಯೇ.

ನಮ್ಮ ಪಕ್ಕದ ಬೆಟ್ಟಗಳಲ್ಲಿ ಈ ಕಾಯಿಲೆ ಹೊಸದಲ್ಲ. 1952ರಲ್ಲಿ ಲೆಹ್‌ಮನ್ ಮತ್ತು ಕಟ್‌ಬುಶ್ ಎಂಬ ಸಂಶೋಧಕರು ನೀಲಗಿರಿಯ ಬುಡಕಟ್ಟು ಜನರಲ್ಲಿ ಸಿಕಲ್ ಕಣಗಳನ್ನು ಕಂಡು ವರದಿ ಮಾಡಿದರು. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಸೋಲಿಗರು, ಜೇನು ಕುರುಬರು, ಬೆಟ್ಟ ಕುರುಬರು, ಯರವರ ನಡುವೆ ಇದು ಇದೆ. ಮಲೇರಿಯಾ ಹೆಚ್ಚಿದ್ದ ಕಡೆ ವಾಹಕರಿಗೆ ಅದರಿಂದ ರಕ್ಷಣೆ ಸಿಗುತ್ತಿತ್ತು ಎಂದು ಆಂಟನಿ ಆಲಿಸನ್ 1954ರಲ್ಲಿ ಆಫ್ರಿಕಾದಲ್ಲಿ ತೋರಿಸಿದ್ದರು. ಕಾಡಂಚಿನ ಜನರಲ್ಲಿ ಈ ವಂಶವಾಹಿ ಉಳಿದು ಬಂದದ್ದಕ್ಕೆ ಕಾರಣ ಅದೇ.

ನೋವಿನ ದಾಳಿ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಹಂತ ಹಂತವಾಗಿ ನೋಡಲು ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನ ಹದಿನಾರರ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳೋಣ. ಅವಳ ಹಿಮೋಗ್ಲೋಬಿನ್ 8 ಗ್ರಾಂ, ಕಣ್ಣಲ್ಲಿ ಸದಾ ತುಸು ಹಳದಿ. ಭ್ರೂಣದ ಹಿಮೋಗ್ಲೋಬಿನ್ ನೂರಕ್ಕೆ 18 ಪಾಲು ಇದೆ. ನಮ್ಮ ದೇಶದ ರೋಗಿಗಳಲ್ಲಿ ಇದು ಆಫ್ರಿಕಾ ಮೂಲದವರಿಗಿಂತ ಸಾಮಾನ್ಯವಾಗಿ ಹೆಚ್ಚು. ಅಷ್ಟಿದ್ದೂ ಅವಳಿಗೆ ನೋವು ಬರುತ್ತದೆ, ಏಕೆಂದರೆ 18 ಎಂಬುದು ಸರಾಸರಿ. ಕೆಲವು ಕಣಗಳಲ್ಲಿ ಅದು ತುಂಬಿದೆ, ಕೆಲವದರಲ್ಲಿ ಚೂರೂ ಇಲ್ಲ. ದಾಳಿ ಶುರು ಮಾಡಲು ಆ ಖಾಲಿ ಕಣಗಳೇ ಸಾಕು.

ಜನವರಿಯ ಚಳಿ. ಎರಡು ದಿನದಿಂದ ಅವಳಿಗೆ ಗಂಟಲು ನೋವು, ಸಣ್ಣ ಜ್ವರ. ಊಟ ನೀರು ಕಡಿಮೆಯಾಗಿದೆ. ಸಾಮಾನ್ಯರಾದರೆ ಇಂಥ ಹೊತ್ತಿನಲ್ಲಿ ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸಿಕೊಳ್ಳುತ್ತಾರೆ. ಅವಳ ಮೂತ್ರಪಿಂಡಕ್ಕೆ ಆ ಶಕ್ತಿ ಚಿಕ್ಕಂದಿನಲ್ಲೇ ಹೋಗಿದೆ, ನೀರು ಕುಡಿಯದಿದ್ದರೂ ತೆಳ್ಳಗಿನ ಮೂತ್ರ ಹೋಗುತ್ತಲೇ ಇದೆ. ರಕ್ತದಲ್ಲಿ ನೀರು ಕಡಿಮೆಯಾದಾಗ ಕಣಗಳಿಂದಲೂ ನೀರು ಹೊರಗೆ ಎಳೆದುಕೊಳ್ಳುತ್ತದೆ. ಅದರ ಮೇಲೆ, ಹಿಂದೆ ಹಲವು ಸಲ ಬಾಗಿ ನೇರವಾದ ಕಣಗಳ ಪೊರೆ ಜಖಂ ಆಗಿ ಪೊಟ್ಯಾಸಿಯಂ ಸೋರುತ್ತಿದೆ, ಪೊಟ್ಯಾಸಿಯಂ ಹಿಂದೆಯೇ ನೀರೂ ಹೋಗುತ್ತದೆ. ಕಣದೊಳಗಿನ ಸಾಂದ್ರತೆ 33ರಿಂದ 35ಕ್ಕೆ ಏರಿದರೆ ವಿಳಂಬ ಕಾಲ ಅರ್ಧಕ್ಕಿಂತ ಕೆಳಗೆ, ಕೆಲವೊಮ್ಮೆ ಆರನೇ ಒಂದು ಪಾಲಿಗೆ ಇಳಿಯುತ್ತದೆ. ಮೂರು ಸೆಕೆಂಡು ಇದ್ದದ್ದು ಅರ್ಧ ಸೆಕೆಂಡು ಆಯಿತು ಎನ್ನಿ. ನಿನ್ನೆಯವರೆಗೆ ಲೋಮನಾಳ ದಾಟಿ ಹೋಗುತ್ತಿದ್ದ ಕಣ ಇಂದು ಅದರೊಳಗೇ ಬಾಗುತ್ತದೆ.

ಇನ್ನೊಂದು ಕಡೆಯಿಂದ ಪ್ರಯಾಣದ ಸಮಯವೇ ಹಿಗ್ಗುತ್ತಿರುತ್ತದೆ. ಚಳಿಗೆ ರಕ್ತನಾಳಗಳು ಸಂಕುಚಿಸಿ ಹರಿವು ನಿಧಾನವಾಗಿದೆ. ಗಂಟಲಿನ ಸೋಂಕಿನಿಂದ ಬಿಳಿ ರಕ್ತಕಣಗಳು ಹೆಚ್ಚಿವೆ, ರಕ್ತನಾಳದ ಒಳಗೋಡೆ ಅಂಟಂಟಾಗಿದೆ. ರಕ್ತಹೀನತೆಯನ್ನು ತುಂಬಲು ಅಸ್ಥಿಮಜ್ಜೆ ಅವಸರದಲ್ಲಿ ಕಳಿಸಿದ ಎಳೆಯ ಕೆಂಪುಕಣಗಳಿಗೂ ಅಂಟುವ ಗುಣವಿದೆ. ಲೋಮನಾಳ ಮುಗಿದು ಸಣ್ಣ ಅಭಿಧಮನಿ ಶುರುವಾಗುವ ಕಡೆ ಇವು ಗೋಡೆಗೆ ಹಿಡಿದುಕೊಳ್ಳುತ್ತವೆ. ದಾರಿ ಕಿರಿದಾಗುತ್ತದೆ. ಹಿಂದೆ ಬರುವ ಗಟ್ಟಿ ಕಣಗಳು ಅಲ್ಲಿ ತಡೆದು ನಿಲ್ಲುತ್ತವೆ. ನಿಂತ ಕಣಕ್ಕೆ ಈಗ ಒಂದು ಸೆಕೆಂಡಲ್ಲ, ಎಷ್ಟು ಬೇಕಾದರೂ ಸಮಯವಿದೆ. ಚೆನ್ನಾಗಿದ್ದ, ವಿಳಂಬ ಕಾಲ ಧಾರಾಳವಾಗಿದ್ದ ಕಣಗಳೂ ಅಲ್ಲಿ ಕಾಯುತ್ತಾ ಕಾಯುತ್ತಾ ಬಾಗುತ್ತವೆ. ಆ ಜಾಗದಲ್ಲಿ ಆಮ್ಲಜನಕ ಇನ್ನಷ್ಟು ಇಳಿಯುತ್ತದೆ, ಆಮ್ಲೀಯತೆ ಏರುತ್ತದೆ, ಎರಡೂ ನಾರು ಕಟ್ಟುವುದಕ್ಕೆ ನೆರವಾಗುತ್ತವೆ.

ಬೆಳಗಿನ ಜಾವ ಅವಳ ತೊಡೆಯ ಮೂಳೆ, ಸೊಂಟ, ಬೆನ್ನು ಒಟ್ಟಿಗೆ ಹಿಡಿದುಕೊಳ್ಳುತ್ತವೆ. ಅಸ್ಥಿಮಜ್ಜೆಯಲ್ಲಿ ರಕ್ತ ನಿಧಾನವಾಗಿ ಹರಿಯುತ್ತದೆ, ಅಲ್ಲಿ ಆಮ್ಲಜನಕಕ್ಕೆ ಬೇಡಿಕೆ ಹೆಚ್ಚು. ಆದ್ದರಿಂದ ಮೊದಲು ಉಸಿರುಗಟ್ಟುವುದು ಮಜ್ಜೆಗೆ. ಗಟ್ಟಿ ಮೂಳೆಯ ಕೊಳವೆಯೊಳಗೆ ಸತ್ತ ಮಜ್ಜೆ ಊದಿಕೊಳ್ಳಲು ಜಾಗವಿಲ್ಲ, ಒಳಗಿನ ಒತ್ತಡವೇ ನೋವಾಗುತ್ತದೆ. ಮುಚ್ಚಿದ ನಾಳ ಮತ್ತೆ ತೆರೆದು ರಕ್ತ ನುಗ್ಗಿದಾಗಲೂ ಉರಿಯೂತ ಹೆಚ್ಚುವುದರಿಂದ, ನೋವು ಏರಿ ಇಳಿದು ಏರಿ ಒಂದು ವಾರದವರೆಗೆ ಎಳೆಯುತ್ತದೆ. ಎಲ್ಲ ದಾಳಿಗೂ ಇಷ್ಟು ಸ್ಪಷ್ಟವಾದ ಕಾರಣ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಎಷ್ಟೋ ಸಲ ಚಳಿಯಿಲ್ಲ, ಜ್ವರವಿಲ್ಲ, ನೀರು ಕುಡಿದಿದ್ದಾರೆ, ಆದರೂ ಬರುತ್ತದೆ. ‘ನೀನೇ ಏನೋ ತಪ್ಪು ಮಾಡಿದ್ದಿ’ ಎಂದು ಮನೆಯಲ್ಲಿ ಬೈಯುವುದಕ್ಕೆ ಆಧಾರವಿಲ್ಲ.

ಆಸ್ಪತ್ರೆಗೆ ಬಂದರೆ ಇನ್ನೊಂದು ಕಷ್ಟ ಎದುರಾಗುತ್ತದೆ. ಈ ನೋವನ್ನು ತೋರಿಸುವ ಪರೀಕ್ಷೆ ಇಲ್ಲ. ಹಿಮೋಗ್ಲೋಬಿನ್ ಅವಳ ಎಂದಿನ 8ರಲ್ಲೇ ಇರಬಹುದು. ಎಕ್ಸ್‌ರೇಯಲ್ಲಿ ಮೂಳೆ ಸರಿಯಿದೆ. ರಕ್ತದ ಲೇಪನದಲ್ಲಿ ಕೆಲವು ಕುಡುಗೋಲು ಕಣ ಕಾಣಬಹುದು, ಆದರೆ ಅವು ಆರೋಗ್ಯವಾಗಿದ್ದ ದಿನವೂ ಇದ್ದವು. ಹಾಗಾಗಿ ನಾಟಕ ಮಾಡುತ್ತಿದ್ದಾರೆ, ಇಂಜೆಕ್ಷನ್ ಚಟ ಹತ್ತಿದೆ ಎಂಬ ಮಾತು ಜಗತ್ತಿನ ಎಲ್ಲೆಡೆ ಈ ರೋಗಿಗಳ ಕಿವಿಗೆ ಬೀಳುತ್ತದೆ. ರೋಗಿ ಹೇಳಿದ್ದೇ ಇಲ್ಲಿ ಅಳತೆ. ಬಂದ ಒಂದು ಗಂಟೆಯೊಳಗೆ ಬಲವಾದ ನೋವುನಿವಾರಕ ಕೊಡಬೇಕು ಎನ್ನುವುದು ಈಗಿನ ವೈದ್ಯಕೀಯ ಮಾರ್ಗಸೂಚಿ.

ಅದಾದ ಮೇಲೂ ಅವಳ ಮೇಲೆ ಒಂದು ಕಣ್ಣಿಡಬೇಕು. ದಾಖಲಾದ ಎರಡನೆಯ ಮೂರನೆಯ ದಿನ ಎದೆ ನೋವು, ಕೆಮ್ಮು, ಜ್ವರ ಕಾಣಿಸಿ, ಬೆರಳಿಗೆ ಹಾಕಿದ ಯಂತ್ರದಲ್ಲಿ ಆಮ್ಲಜನಕ 90ರ ಹತ್ತಿರ ಇಳಿಯತೊಡಗಿದರೆ ಕಥೆಯೇ ಬೇರೆ. ಸತ್ತ ಮಜ್ಜೆಯಿಂದ ಕಳಚಿದ ಕೊಬ್ಬಿನ ಕಣಗಳು ಶ್ವಾಸಕೋಶಕ್ಕೆ ಹೋಗಿರಬಹುದು, ಸೋಂಕು ಆಗಿರಬಹುದು, ನೋವಿಗೆ ಹೆದರಿ ಆಳವಾಗಿ ಉಸಿರಾಡದೆ ಶ್ವಾಸಕೋಶದ ಭಾಗ ಮುದುಡಿರಬಹುದು. ಪರಿಣಾಮ ಒಂದೇ: ಕಣಗಳು ಆಮ್ಲಜನಕ ಪಡೆದು ನಾರು ಕರಗಿಸಿಕೊಳ್ಳುತ್ತಿದ್ದ ಏಕೈಕ ಜಾಗವೇ ಕೆಟ್ಟಿತು. ಇನ್ನು ದೇಹದ ಎಲ್ಲೆಡೆ ಕಣಗಳು ಬಾಗತೊಡಗುತ್ತವೆ. ಈ ಕಾಯಿಲೆಯಲ್ಲಿ ಸಾವು ತರುವ ಮುಖ್ಯ ಕಾರಣಗಳಲ್ಲಿ ಇದೊಂದು. ಆಮ್ಲಜನಕ, ಆಂಟಿಬಯೋಟಿಕ್ ಜೊತೆ ಬೇರೆಯವರ ಸಹಜ ರಕ್ತ ಕೊಡಬೇಕಾಗುತ್ತದೆ. ‘ನೀರು ಕಡಿಮೆಯಾಗಿದೆ’ ಎಂದು ಬಾಟಲಿ ಮೇಲೆ ಬಾಟಲಿ ಗ್ಲೂಕೋಸು, ಸಲೈನು ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಇದೇ ಸ್ಥಿತಿಗೆ ದಾರಿಯಾಗಬಹುದು. ಅವಳು ಕುಡಿಯುವಂತಿದ್ದರೆ ಬಾಯಿಂದಲೇ ಕುಡಿಸುವುದು ಲೇಸು.

ನೋವು ಬಿಟ್ಟ ದಿನಗಳಲ್ಲಿ ಕಾಯಿಲೆ ನಿಂತಿರುತ್ತದೆ ಎಂದುಕೊಳ್ಳಬಾರದು. ಮೂತ್ರಪಿಂಡದ ಒಳಭಾಗವನ್ನೇ ನೋಡಿ. ಮೂತ್ರವನ್ನು ಗಟ್ಟಿ ಮಾಡಲು ಅಲ್ಲಿ ಉಪ್ಪಿನಂಶ ರಕ್ತಕ್ಕಿಂತ ಬಹುಪಾಲು ಹೆಚ್ಚಿರುತ್ತದೆ, ಅದು ಕೆಂಪುಕಣದ ನೀರನ್ನು ಹೊರಗೆಳೆಯುತ್ತದೆ. ಅಲ್ಲಿ ಆಮ್ಲಜನಕ ಕಡಿಮೆ, ಆಮ್ಲ ಹೆಚ್ಚು, ಹರಿವು ನಿಧಾನ. ವಿಳಂಬ ಕಾಲವನ್ನು ಕುಗ್ಗಿಸುವ ಎಲ್ಲವೂ ಒಂದೇ ಕಡೆ ಕೂಡಿರುವ ಅಂಗ ಇನ್ನೊಂದಿಲ್ಲ. ಅದಕ್ಕೇ ಯಾವ ನೋವೂ ಇಲ್ಲದೆ ಅಲ್ಲಿನ ಸೂಕ್ಷ್ಮ ನಾಳಗಳು ಬಾಲ್ಯದಲ್ಲೇ ಒಂದೊಂದಾಗಿ ಮುಚ್ಚಿಹೋಗುತ್ತವೆ. ದೊಡ್ಡ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡರೆ ಅದು ಸೋಮಾರಿತನವಲ್ಲ. ವಾಹಕರ ಮೂತ್ರಪಿಂಡದಲ್ಲೂ ಇದರ ಸಣ್ಣ ರೂಪ ಕಾಣುವುದುಂಟು. ಹೀಗೆ ಮೂತ್ರಪಿಂಡ ಸೋತದ್ದರಿಂದ ನೀರು ನಿಲ್ಲದೆ, ಮುಂದಿನ ನೋವಿನ ದಾಳಿಗೆ ಅದೇ ಕಾರಣವಾಗುವುದನ್ನು ಮೇಲೆ ಕಂಡೆವು.

ಗುಲ್ಮದಲ್ಲಿ ಕಣಗಳು ತಮ್ಮ ಅಗಲಕ್ಕಿಂತ ಎಷ್ಟೋ ಕಿರಿದಾದ ಸೀಳುಗಳ ಮೂಲಕ ನುಸುಳಬೇಕು. ಸೆಟೆದ ಕಣ ನುಸುಳಲಾರದು. ಆಫ್ರಿಕಾ ಮೂಲದ ಮಕ್ಕಳಲ್ಲಿ ಸುಮಾರು ಐದನೆಯ ವಯಸ್ಸಿನೊಳಗೆ ಗುಲ್ಮ ಕೆಲಸ ನಿಲ್ಲಿಸಿ ಮುರುಟಿಹೋಗುತ್ತದೆ. ನಮ್ಮಲ್ಲಿ ಅದು ಹಲವರಲ್ಲಿ ಊದಿಕೊಂಡು ಹೆಚ್ಚು ಕಾಲ ಉಳಿಯುತ್ತದೆ, ಹಾಗೆಂದು ಸರಿಯಾಗಿ ಕೆಲಸ ಮಾಡುತ್ತದೆ ಎಂದಲ್ಲ. ರಕ್ತದಲ್ಲಿ ಸೇರಿದ ಬ್ಯಾಕ್ಟೀರಿಯಾ ಸೋಸುವವರು ಇಲ್ಲದಂತಾಗುವುದರಿಂದ ಈ ಮಕ್ಕಳ ಜ್ವರವನ್ನು ಬೆಳಗಾಗಲಿ ಎಂದು ಕಾಯುವಂತಿಲ್ಲ. ಪುಟ್ಟ ಮಕ್ಕಳಿಗೆ ದಿನವೂ ಪೆನಿಸಿಲಿನ್ ಕೊಟ್ಟರೆ ನ್ಯುಮೋಕಾಕಸ್ ಸೋಂಕು 84 ಪ್ರತಿಶತ ತಗ್ಗುತ್ತದೆ ಎಂದು 1986ರ ಅಮೆರಿಕದ ಅಧ್ಯಯನ ತೋರಿಸಿತು.

ಇನ್ನೊಂದು ಹಾನಿ ನಾಳ ಮುಚ್ಚಿಕೊಳ್ಳುವುದರಿಂದ ಆಗುವುದಲ್ಲ, ಕಣ ಒಡೆಯುವುದರಿಂದ ಆಗುವುದು. ಸಹಜ ಕೆಂಪುಕಣ 120 ದಿನ ಬಾಳುತ್ತದೆ. ಮತ್ತೆ ಮತ್ತೆ ನಾರು ಕಟ್ಟಿ ಕರಗಿಸಿಕೊಂಡ ಕಣದ ಪೊರೆ ಹತ್ತು ಇಪ್ಪತ್ತು ದಿನಕ್ಕೇ ಹರಿಯುತ್ತದೆ. ಅದರಿಂದ ರಕ್ತಹೀನತೆ, ಕಣ್ಣಿನ ಹಳದಿ, ಪಿತ್ತಕೋಶದ ಕಲ್ಲು. ಹೊರಗೆ ಚೆಲ್ಲಿದ ಹಿಮೋಗ್ಲೋಬಿನ್ ರಕ್ತನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಕಬಳಿಸುತ್ತದೆ. ನಾಳಗಳು ಬಿಗಿಯುತ್ತವೆ, ಒಳಗೋಡೆ ದಪ್ಪವಾಗುತ್ತದೆ. ವರ್ಷಗಳ ಮೇಲೆ ಶ್ವಾಸಕೋಶದ ರಕ್ತದೊತ್ತಡ ಏರುತ್ತದೆ, ಕಣಕಾಲಿನ ಬಳಿ ಮಾಯದ ಹುಣ್ಣಾಗುತ್ತದೆ. ಮಿದುಳಿನ ದೊಡ್ಡ ಅಪಧಮನಿಗಳು ಕಿರಿದಾಗುತ್ತವೆ. ಅಮೆರಿಕದ ಹಳೆಯ ಅಧ್ಯಯನವೊಂದರಲ್ಲಿ ನೂರಕ್ಕೆ 11 ಮಂದಿ ಇಪ್ಪತ್ತು ವರ್ಷದೊಳಗೆ ಪಾರ್ಶ್ವವಾಯುವಿಗೆ ತುತ್ತಾಗಿದ್ದರು. ಕೈಕಾಲು ಬೀಳದೆ, ಓದಿನಲ್ಲಿ ಹಿಂದೆ ಬೀಳುವುದಷ್ಟೇ ಕಾಣುವಂಥ ಮಿದುಳಿನ ಸಣ್ಣ ಗಾಯಗಳು ಇನ್ನೂ ಹೆಚ್ಚು ಮಕ್ಕಳಲ್ಲಿವೆ. ತಲೆಯ ಪಕ್ಕಕ್ಕೆ ಹಿಡಿಯುವ ಡಾಪ್ಲರ್ ಪರೀಕ್ಷೆಯಲ್ಲಿ ರಕ್ತದ ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ಮುಟ್ಟಿದರೆ ಅಪಾಯ ಹತ್ತಿರವಿದೆ ಎಂದು ಅರ್ಥ. ಅಂಥ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಪಾರ್ಶ್ವವಾಯು ಬಹುಮಟ್ಟಿಗೆ ತಪ್ಪುತ್ತದೆ ಎಂಬುದು 1998ರಲ್ಲಿ ಸಾಬೀತಾಯಿತು.

ಪಾಶ್ಚಾತ್ಯ ವೈದ್ಯಕೀಯ ಸಾಹಿತ್ಯದಲ್ಲಿ ವಿವರವಾಗಿ ದಾಖಲಾದ ಮೊದಲ ರೋಗಿಯಲ್ಲೇ ಇದೆಲ್ಲದರ ಗುರುತಿತ್ತು. ಗ್ರೆನಡಾ ದ್ವೀಪದಿಂದ ದಂತವೈದ್ಯ ಓದಲು ಶಿಕಾಗೋಗೆ ಬಂದ ವಾಲ್ಟರ್ ಕ್ಲೆಮೆಂಟ್ ನೋಯೆಲ್ 1904ರ ಚಳಿಗಾಲದಲ್ಲಿ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಕಾಲಲ್ಲಿ ಹುಣ್ಣಿನ ಕಲೆಗಳಿದ್ದವು. ತರಬೇತಿ ವೈದ್ಯ ಅರ್ನೆಸ್ಟ್ ಐರನ್ಸ್ ಅವರ ರಕ್ತದಲ್ಲಿ ವಿಚಿತ್ರವಾಗಿ ಬಾಗಿದ ಕಣಗಳನ್ನು ಕಂಡರು, ಹಿರಿಯ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಪ್ರಕಟಿಸಿದರು. ನೋಯೆಲ್ ಓದು ಮುಗಿಸಿ ಊರಿಗೆ ಮರಳಿ ದಂತವೈದ್ಯರಾದರು, 1916ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಆಗ ಅವರಿಗೆ 32 ವರ್ಷ.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ವಿಳಂಬ ಕಾಲವನ್ನು ಹಿಗ್ಗಿಸುವ ಕೆಲಸವನ್ನು ಈಗ ಅತಿ ಹೆಚ್ಚು ಜನರಿಗೆ ಮಾಡುತ್ತಿರುವುದು ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಔಷಧ. ಅದು ಭ್ರೂಣದ ಹಿಮೋಗ್ಲೋಬಿನ್ನನ್ನು ಹೆಚ್ಚಿಸುತ್ತದೆ. ಕಣವನ್ನು ದೊಡ್ಡದು ಮಾಡುತ್ತದೆ. ಗೋಡೆಗೆ ಅಂಟುವ ಬಿಳಿಕಣಗಳನ್ನೂ ತಗ್ಗಿಸುತ್ತದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ವರ್ಷಕ್ಕೆ 4.5ರಷ್ಟಿದ್ದ ನೋವಿನ ದಾಳಿಗಳು ಈ ಮಾತ್ರೆ ತೆಗೆದುಕೊಂಡವರಲ್ಲಿ 2.5ಕ್ಕೆ ಇಳಿದವು. ಪೂರ್ತಿ ನಿಲ್ಲುವುದಿಲ್ಲ, ಆಗಲೇ ಕೆಟ್ಟ ಅಂಗ ಸರಿಯಾಗುವುದೂ ಇಲ್ಲ. ಬಾಗುವುದನ್ನೇ ತಡೆಯುತ್ತೇವೆಂದು ಬಂದ ಇನ್ನೊಂದು ಔಷಧ ವೊಕ್ಸೆಲೊಟರ್. ಅದು ಹಿಮೋಗ್ಲೋಬಿನ್ ತನ್ನ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತಿತ್ತು. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅದರಿಂದ ರಕ್ತಹೀನತೆ ತಗ್ಗಿದ್ದು ನಿಜ. ಆದರೆ ಮುಂದಿನ ಅಧ್ಯಯನಗಳಲ್ಲಿ ನೋವಿನ ದಾಳಿ ಮತ್ತು ಸಾವುಗಳು ಹೆಚ್ಚು ಕಂಡು, 2024ರ ಸೆಪ್ಟೆಂಬರಿನಲ್ಲಿ ತಯಾರಕರು ಅದನ್ನು ಹಿಂತೆಗೆದುಕೊಂಡರು. 2023ರ ಡಿಸೆಂಬರಿನಲ್ಲಿ ಅಲ್ಲಿ ಅನುಮತಿ ಸಿಕ್ಕ ವಂಶವಾಹಿ ತಿದ್ದುವ ಚಿಕಿತ್ಸೆ ಕೂಡ ಮಾಡುವುದು ಭ್ರೂಣದ ಹಿಮೋಗ್ಲೋಬಿನ್ನನ್ನು ಮತ್ತೆ ಹೊರತರುವ ಕೆಲಸವನ್ನೇ, ಬಹಳ ಹೆಚ್ಚಿನ ಮಟ್ಟದಲ್ಲಿ. ಅದರ ಬೆಲೆ 22 ಲಕ್ಷ ಡಾಲರ್.

ನಮ್ಮಲ್ಲಿ 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನ ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ಹಾಡಿ, ಪೋಡುಗಳಲ್ಲಿ ಮೊದಲು ಮಾಡುವ ಕರಗುವಿಕೆ ಪರೀಕ್ಷೆಯೂ ಪಾಲಿಮರೀಕರಣದ ಮೇಲೆಯೇ ನಿಂತಿದೆ. ಆಮ್ಲಜನಕ ಕಳೆದ ದ್ರಾವಣದಲ್ಲಿ ಎಸ್ ಹಿಮೋಗ್ಲೋಬಿನ್ ಕರಗದೆ ನಿಲ್ಲುತ್ತದೆ, ಕೊಳವೆ ಮಬ್ಬಾಗಿ ಅದರ ಹಿಂದೆ ಹಿಡಿದ ಗೆರೆಗಳು ಕಾಣದಂತಾಗುತ್ತವೆ. ವಾಹಕರದ್ದೂ ಮಬ್ಬಾಗುತ್ತದೆ, ಆರು ತಿಂಗಳೊಳಗಿನ ಕೂಸಿನದು ಕಾಯಿಲೆ ಇದ್ದರೂ ತಿಳಿಯಾಗಿಯೇ ಕಾಣಬಹುದು. ಆದ್ದರಿಂದ ಅದರ ಮೇಲೆ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಮಾಡಿ ಖಚಿತಪಡಿಸಿಕೊಳ್ಳಬೇಕು. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುವವರ ರಕ್ತಕಣಗಳನ್ನು ಆಗಾಗ ಎಣಿಸುತ್ತಿರಬೇಕು, ಬಿಳಿಕಣ ತೀರ ಇಳಿದರೆ ಕೆಲದಿನ ನಿಲ್ಲಿಸಬೇಕಾಗುತ್ತದೆ. ಬೆಟ್ಟದ ಮೇಲಿನವರಿಗೆ ಔಷಧಕ್ಕಿಂತ ಈ ಎಣಿಕೆಗಾಗಿ ಇಳಿದು ಬರುವುದೇ ದೊಡ್ಡ ತೊಡಕು. ಆದರೆ ಅದೇ ಸಾಮಾನ್ಯ ರಕ್ತಪರೀಕ್ಷೆಯ ಚೀಟಿಯಲ್ಲಿ ಎಂಸಿವಿ ಎಂದು ಬರೆದ, ಕಣದ ಸರಾಸರಿ ಗಾತ್ರ ತಿಳಿಸುವ ಸಂಖ್ಯೆಯೊಂದಿರುತ್ತದೆ. ಮಾತ್ರೆ ಶುರು ಮಾಡಿದ ಕೆಲವು ತಿಂಗಳಲ್ಲಿ ಅದು ಮೇಲೇರಿದ್ದರೆ, ಕಣ ಹಿಗ್ಗಿ ಒಳಗಿನ ಒತ್ತಡ ಸಡಿಲವಾಗುತ್ತಿದೆ ಎಂದು ವೈದ್ಯರಿಗೆ ತಿಳಿಯುತ್ತದೆ. ಏರದಿದ್ದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲವೋ, ಪ್ರಮಾಣ ಸಾಲದೋ, ಅಥವಾ ಕಬ್ಬಿಣಾಂಶದ ಕೊರತೆಯೋ ಆಲ್ಫಾ ಥಲಸ್ಸೀಮಿಯವೋ ಕಣವನ್ನು ಚಿಕ್ಕದಾಗಿಯೇ ಇಟ್ಟಿದೆಯೋ ಎಂದು ಒಂದೊಂದಾಗಿ ನೋಡಬೇಕು.